ಸಹಾಯ ಬೇಕು: ಹಾಲ್-ಪೆಚ್ ಸೂತ್ರವನ್ನು ಎಲ್ಲಿವರೆಗೆ ನಂಬಬಹುದು?

ನಮಸ್ಕಾರ. ಲೋಹದ ಗ್ರೇನ್ ಸಣ್ಣದಾದಷ್ಟೂ ಅದರ ಯೀಲ್ಡ್ ಸ್ಟ್ರೆಂತ್ ಏರುವುದು ಯಾಕೆ ಅಂತ ನನಗೆ ಅರ್ಥವಾಗಿರುವುದು ಹೀಗೆ. ಪಕ್ಕದ ಗ್ರೇನ್‌ನಲ್ಲಿ ಸ್ಲಿಪ್ ದಿಕ್ಕೇ ಬೇರೆ. ಹಾಗಾಗಿ ಡಿಸ್‌ಲೊಕೇಶನ್‌ಗಳು ಗಡಿಯಲ್ಲಿ ತಡೆದು, ಒಂದರ ಹಿಂದೊಂದು ಸಾಲುಗಟ್ಟುತ್ತವೆ. ಸಾಲು ಉದ್ದವಾದಷ್ಟೂ ಮುಂದಿನದರ ಮೇಲೆ ಒತ್ತಡ ಜಾಸ್ತಿ, ಗಡಿಯಾಚೆ ಸ್ಲಿಪ್ ಬೇಗ ಶುರುವಾಗುತ್ತದೆ. ಸಣ್ಣ ಗ್ರೇನ್‌ನಲ್ಲಿ ಸಾಲಿಗೆ ಜಾಗವೇ ಕಮ್ಮಿ, ಆದ್ದರಿಂದ ಹೊರಗಿನಿಂದ ಹೆಚ್ಚು ಬಲ ಬೇಕು. ಸರಿ ಅಲ್ವಾ?

```
σy = σ0 + k / √d
```

ಇಲ್ಲಿ σy ಯೀಲ್ಡ್ ಸ್ಟ್ರೆಂತ್, d ಗ್ರೇನ್ ಗಾತ್ರ, σ0 ಮತ್ತು k ಆಯಾ ಲೋಹದ ಸ್ಥಿರಾಂಕಗಳು. ಮೈಲ್ಡ್ ಸ್ಟೀಲ್‌ಗೆ σ0 = 70 MPa, k = 0.74 MPa√m ಇಟ್ಟುಕೊಂಡೆ. d = 25 µm ಅಂದರೆ 0.000025 m, ಅದರ ವರ್ಗಮೂಲ 0.005. ಉತ್ತರ 70 + 148 = 218 MPa. 4 µm ಹಾಕಿದರೆ 440 MPa. (d ಅನ್ನು ಮಿಲಿಮೀಟರ್‌ನಲ್ಲಿ ಹಾಕುವವರು k ಅನ್ನೂ 23.4 ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ.)

ತೊಂದರೆ ಇಲ್ಲಿದೆ. 10 nm ಹಾಕಿದರೆ 7470 MPa ಬರುತ್ತದೆ! ಇದು ಸುಮ್ನೆ ಕಾಗದದ ಮೇಲಿನ ಸಂಖ್ಯೆ. ಅಷ್ಟು ಚಿಕ್ಕ ಗ್ರೇನ್‌ನಲ್ಲಿ ಸಾಲೇ ಕಟ್ಟಲ್ಲ, ಗಡಿಗಳೇ ಜಾರತೊಡಗಿ ಲೋಹ ಮತ್ತೆ ಮೆತ್ತಗಾಗಬಹುದು ಅಂತ ಗೊತ್ತು. ಹಾಗಾದರೆ ಸೂತ್ರವನ್ನು ಯಾವ ಗಾತ್ರಕ್ಕೆ ನಿಲ್ಲಿಸುತ್ತೀರಿ? σy ಮತ್ತು 1/√d ನಡುವಿನ ಗೆರೆ ಬಾಗುವುದನ್ನು ನೋಡಿ ನಿರ್ಧರಿಸಿದರೆ ಸಾಕೇ? ಅಳತೆ ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.