ಒಂದೇ ತಪ್ಪಿಗೆ ಮೂರು ಪಾಳಿಯಲ್ಲಿ ಮೂರು ಶಿಕ್ಷೆ: ಚಾರ್ಟ್ ಹ್ಯಾಂಗ ಮಾಡೋದು?

ಕೇಳಿದವರು (ಬೇಳೆ ಮಿಲ್ ಆಡಳಿತ, ಕಲಬುರಗಿ): ನಮ್ಮಲ್ಲಿ ಮೂರು ಪಾಳಿ, ಮೂವರು ಸೂಪರ್‌ವೈಸರ್. ಹದಿನೈದು ನಿಮಿಷ ತಡ ಆದ್ರ ಒಬ್ಬರು ಬೈದು ಬಿಡ್ತಾರ, ಒಬ್ಬರು ಅರ್ಧ ದಿನದ ಪಗಾರ ಕಟ್ ಮಾಡ್ತಾರ, ಇನ್ನೊಬ್ಬರು ಗೇಟಿಂದನೇ ವಾಪಸ್ ಕಳಸ್ತಾರ. ಯಾವ ತಪ್ಪಿಗೆ ಯಾವ ಕ್ರಮ ಅಂತ ಒಂದು ಚಾರ್ಟ್ ಬೇಕಾಗ್ಯದ. ಮಾಡಿದವ್ರು ಹೇಳ್ರಿ.

ಮಿಲ್ ಮ್ಯಾನೇಜರ್, ಯಾದಗಿರಿ: ಅರ್ಧ ದಿನ ಕಟ್ ಮಾಡೋದೇ ಛಲೋ ರೀ, ಎಲ್ಲರಿಗೂ ಲಗೂನ ತಿಳಿತದ. ಮೂರು ಎಚ್ಚರಿಕೆ ಪತ್ರ ಕೊಡ್ರಿ, ನಾಲ್ಕನೇದಕ್ಕ ಮನಿಗಿ ಕಳಸ್ರಿ. ಪತ್ರ ಎರಡು ಪ್ರತಿ ಮಾಡಿ ಸಹಿ ತಗೋರಿ. ಸಹಿ ಮಾಡಲ್ಲ ಅಂದ್ರ ಇಬ್ಬರು ಸಾಕ್ಷಿ ಮುಂದ ಓದಿ ಹೇಳಿ, ಹಂಗಂತ ಅದರ ಮ್ಯಾಲೇ ಬರಕೊಳ್ರಿ.

ಕಾರ್ಮಿಕ ಕಾನೂನು ಸಲಹೆಗಾರರು, ಕಲಬುರಗಿ: ಸಹಿ, ಸಾಕ್ಷಿ ವಿಷಯ ಸರಿ. ಉಳಿದ ಎರಡೂ ಮಾತು ಕಾರ್ಮಿಕ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಗೈರಾದ ಹೊತ್ತಿನ ಪ್ರಮಾಣಕ್ಕಿಂತ ಹೆಚ್ಚು ಕೂಲಿ ಕಡಿಯುವಂತಿಲ್ಲ. ಎಂಟು ತಾಸಿನ ಪಾಳಿಗೆ 640 ರೂಪಾಯಿ ಇದ್ದರೆ ಹದಿನೈದು ನಿಮಿಷಕ್ಕೆ 20 ರೂಪಾಯಿ. ಅರ್ಧ ದಿನ ಎಂದು ಹಿಡಿಯುವ 320 ಅಲ್ಲ. ಇನ್ನು ಮೂರು ಪತ್ರ ಇವೆ ಎಂಬುದು ವಜಾ ಮಾಡುವ ಹಕ್ಕು ಕೊಡುವುದಿಲ್ಲ. ಚಾರ್ಟಿನ ನಾಲ್ಕನೇ ಮನೆಯಲ್ಲಿ "ವಜಾ" ಎಂದು ಬರೆಯಬೇಡಿ, "ಆರೋಪ ಪಟ್ಟಿ ಮತ್ತು ವಿಚಾರಣೆ" ಎಂದು ಬರೆಯಿರಿ. ಶಿಕ್ಷೆ ಏನೆಂಬುದು ವಿಚಾರಣೆಯ ನಂತರದ ಮಾತು.

ಚಾರ್ಟಿನಲ್ಲಿ ಅಡ್ಡ ಸಾಲು ತಪ್ಪಿನ ಬಗೆ, ಉದ್ದ ಕಂಬ ಎಷ್ಟನೇ ಸಲ. "ಪದೇ ಪದೇ ತಡ" ಎಂದು ಬರೆದರೆ ನಿಮ್ಮ ಮೂವರೂ ಮೂರು ಅರ್ಥ ಮಾಡುತ್ತಾರೆ, ಎಣಿಸಲು ಬರುವಂತೆ ಬರೆಯಿರಿ: ಹತ್ತು ನಿಮಿಷ ದಾಟಿದರೆ ತಡ, ಒಂದು ತಿಂಗಳಲ್ಲಿ ಮೂರು ತಡ ಸೇರಿದರೆ ಒಂದು ಸಲ. ಮೊದಲ ಸಲ ಬಾಯಿಮಾತಿನ ಎಚ್ಚರಿಕೆ (ಆದರೂ ರಿಜಿಸ್ಟರಿನಲ್ಲಿ ತಾರೀಖು ಬೀಳಲೇಬೇಕು), ಎರಡನೆಯದಕ್ಕೆ ಆರು ತಿಂಗಳು ಜೀವ ಇರುವ ಪತ್ರ, ಮೂರನೆಯದಕ್ಕೆ ಒಂದು ವರ್ಷದ ಕೊನೆಯ ಎಚ್ಚರಿಕೆ. ಅವಧಿ ನಿಮ್ಮ ಆಯ್ಕೆ, ಆದರೆ ಮುಗಿಯುವ ತಾರೀಖು ಪತ್ರದಲ್ಲೇ ಇರಲಿ. ಇಲ್ಲದಿದ್ದರೆ ನಾಲ್ಕು ವರ್ಷದ ಹಳೇ ಪತ್ರ ಬೇಡವಾದವನ ಮೇಲೆ ಮಾತ್ರ ಹೊರಬರುತ್ತದೆ.

ಹಳೇ ದಾಖಲೆ ನೋಡಿ ಶಿಕ್ಷೆ ಹೆಚ್ಚಿಸುವುದಾದರೆ ಅದನ್ನು ನೋಟಿಸಿನಲ್ಲೇ ಹೇಳಿ ಅವನ ಉತ್ತರ ಕೇಳಬೇಕು. ಸುಪ್ರೀಂ ಕೋರ್ಟ್ ಇದನ್ನು ನಮ್ಮದೇ ರಾಜ್ಯದ ಮಂಚೇಗೌಡ ಪ್ರಕರಣದಲ್ಲಿ ಹೇಳಿತ್ತು. ಅದು ಸರ್ಕಾರಿ ನೌಕರನ ಪ್ರಕರಣ, ತತ್ವ ಮಾತ್ರ ಇಲ್ಲಿಗೂ ಬರುತ್ತದೆ.

ಹೊಲಿಗೆ ಘಟಕ, ಬೀದರ್: ನಮ್ಮಲ್ಲಿ ಇಬ್ಬರು ದಿನದ ಟಾರ್ಗೆಟ್ ಮುಟ್ಟೋದೇ ಇಲ್ಲ. ಅವರನ್ನೂ ಇದೇ ಚಾರ್ಟಿನಲ್ಲಿ ಹಾಕಬಹುದಾ?

ಸಲಹೆಗಾರರು: ಬೇಡಮ್ಮಾ. ಕೈಲಾಗದಿರುವುದು ಬೇರೆ, ಮಾಡದಿರುವುದು ಬೇರೆ. ಮೊದಲು ತರಬೇತಿ, ಮಿಷನ್ ತಪಾಸಣೆ. ಬೇಕಂತಲೇ ನಿಧಾನ ಮಾಡುತ್ತಾರೆ ಎನ್ನಲು ಪುರಾವೆ ಇದ್ದರೆ ಮಾತ್ರ ಅದು ದುರ್ನಡತೆ.

ಕೇಳಿದವರು: ಎಲಿವೇಟರ್ ಬೆಲ್ಟಿನ ಗಾರ್ಡ್ ಬಿಚ್ಚಿ ಓಡಸ್ತಾರಲ್ರಿ, ಅದೂ ಬಾಯಿಮಾತಿಂದನೇ ಶುರು ಆಗಬೇಕಾ? ಒಬ್ಬನಿಗಿ ತಡದ್ದು ಎರಡು ಪತ್ರ ಆಗ್ಯಾವ. ಈಗ ಗಾರ್ಡ್ ಬಿಚ್ಚ್ಯಾನ.

ಸುರಕ್ಷತಾ ಅಧಿಕಾರಿ, ಸೇಡಂ ಕಡೆ: ತಡದ ಪತ್ರ ಇದಕ್ಕೆ ಕೂಡಿಸಬೇಡಿ. ಹಾಜರಿ ಒಂದು ಸಾಲು, ಸುರಕ್ಷತೆ ಇನ್ನೊಂದು. ಗಾರ್ಡಿನ ಸಾಲಲ್ಲಿ ಇದು ಅವನ ಮೊದಲ ಸಲ. ಆದರೆ ಈ ಸಾಲು ಬಾಯಿಮಾತಿಂದ ಶುರುವಾಗುವುದಿಲ್ಲ, ಕೊನೆಯ ಎಚ್ಚರಿಕೆಯಿಂದ ಶುರುವಾಗುತ್ತದೆ. ಹೊಟ್ಟಿನ ಧೂಳಿರುವ ಕಡೆ ಬೀಡಿ ಹಚ್ಚಿದರೆ ಮೊದಲ ಸಲವೇ ಆರೋಪ ಪಟ್ಟಿ.

ಪತ್ರ ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿ. ಬಿಚ್ಚು ಎಂದು ಸೂಪರ್‌ವೈಸರೇ ಹೇಳಿದ್ದರಾ? ಬೆಲ್ಟ್ ಜಾರಿದಾಗ ಮಿಷನ್ ಬಂದ್ ಮಾಡಿದರೆ ಉತ್ಪಾದನೆ ಕಡಿಮೆ ಅಂತ ಬೈತಾರಾ? ಉಳಿದ ಪಾಳಿಯಲ್ಲೂ ಗಾರ್ಡ್ ಇಲ್ಲದೇ ಓಡುತ್ತದಾ? ಎರಡು ವರ್ಷ ಎಲ್ಲರೂ ನೋಡಿಯೂ ಸುಮ್ಮನಿದ್ದು, ಇವನೊಬ್ಬನಿಗೆ ಚಾರ್ಟ್ ತೋರಿಸಿದರೆ ಅದು ಅನ್ಯಾಯ, ವಿಚಾರಣೆಯಲ್ಲೂ ಬಿದ್ದುಹೋಗುತ್ತದೆ. ಮೊದಲು ಗಾರ್ಡ್ ಕೂರಿಸಿ, ಇಂಥ ತಾರೀಖಿನಿಂದ ಜಾರಿ ಎಂದು ಮೂರೂ ಪಾಳಿಗೆ ಓದಿ ಹೇಳಿ, ಅಲ್ಲಿಂದ ಎಣಿಸಿ. ಸೂಪರ್‌ವೈಸರ್ ಹೇಳಿ ಬಿಚ್ಚಿಸಿದ್ದರೆ ಅವರ ಹೆಸರಿಗೂ ಒಂದು ಸಾಲು ಇರಬೇಕು.

ಸಲಹೆಗಾರರು: ಇದರ ಜೊತೆ ಇನ್ನೊಂದು. ಪ್ರತಿ ಮನೆಯಲ್ಲಿ ಒಂದೇ ಕ್ರಮ ಬೇಡ, ಕನಿಷ್ಠ–ಗರಿಷ್ಠ ಎರಡು ಬರೆಯಿರಿ. ಅದರ ಹೊರಗೆ ಹೋಗಬೇಕಾದರೆ ಕಾರಣ ಎರಡು ಸಾಲು ಬರೆದು ನಿಮ್ಮ ಸಹಿಯಾಗಬೇಕು. ಸೂಪರ್‌ವೈಸರ್ ಕೈಗೆ ಬಾಯಿಮಾತಿನ ಎಚ್ಚರಿಕೆ ಮಾತ್ರ, ಪತ್ರವೆಲ್ಲ ಆಫೀಸಿನಿಂದ. ಗೇಟಿಂದ ವಾಪಸ್ ಕಳಿಸುವುದು ಆಗ ತಾನಾಗೇ ನಿಲ್ಲುತ್ತದೆ.

ಮಿಲ್ ಮ್ಯಾನೇಜರ್: ಚಾರ್ಟ್ ಗೋಡಿಗಿ ಹಚ್ಚಿದ್ರ "ಇನ್ನಾ ಎರಡು ಸಲ ಬಾಕಿ ಅವ" ಅಂತ ಲೆಕ್ಕ ಹಾಕ್ತಾರ. ನಾ ಹಚ್ಚಂಗಿಲ್ಲ.

ಸುರಕ್ಷತಾ ಅಧಿಕಾರಿ: ಹಚ್ಚದಿದ್ದರೆ ನಿಯಮ ಗೊತ್ತಿರಲಿಲ್ಲ ಅಂತಾರೆ. ನನ್ನ ಮಟ್ಟಿಗೆ ಹಚ್ಚಲೇಬೇಕು.

ಕೇಳಿದವರು: ಗುತ್ತಿಗೆದಾರನ ಕಡೆ ಹಮಾಲರಿಗೂ ಇದೇ ಪತ್ರ ನಾವೇ ಕೊಡಬಹುದಾ ರೀ?

ಸಲಹೆಗಾರರು: ನೀವೇ ಕೊಟ್ಟರೆ ಅವರು ನಿಮ್ಮದೇ ಕಾರ್ಮಿಕರು ಎಂಬ ವಾದಕ್ಕೆ ಕೈಯಾರೆ ಪುರಾವೆ ಕೊಟ್ಟಂತೆ. ಗುತ್ತಿಗೆದಾರನಿಗೆ ಬರೆದು ತಿಳಿಸಿ, ಕ್ರಮ ಅವನಿಂದ ಬರಲಿ. ಅವನೂ ನಿಮ್ಮ ಚಾರ್ಟಿನ ಪ್ರಕಾರವೇ ನಡೆಯುವಂತೆ ಮಾಡುವುದು ಹೇಗೆ ಎನ್ನುವುದಕ್ಕೆ, ಕರಾರಿನಲ್ಲಿ ಹಾಕುವುದು ಬಿಟ್ಟರೆ ಬೇರೆ ದಾರಿ ಯಾರಾದರೂ ಕಂಡುಕೊಂಡಿದ್ದರೆ ಬರೆಯಿರಿ.