ಲ್ಯಾಬ್‌ನಲ್ಲಿ ಸೆಲ್ ಕೌಂಟ್ 4.3 ಲಕ್ಷ, ಪ್ಯಾಡಲ್‌ನಲ್ಲಿ ಏನೂ ಕಾಣಿಸುತ್ತಿಲ್ಲ. ಯಾವುದನ್ನು ನಂಬಲಿ?

ಹೊಸಮನೆ ಡೇರಿ, ಚನ್ನರಾಯಪಟ್ಟಣ
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಆರು ಎಚ್.ಎಫ್. ಮಿಶ್ರತಳಿ ಹಸು ಇವೆ, ಹಾಲು ಕರೆಯೋದು ಮಷೀನ್‌ನಲ್ಲಿ. ಮೂರನೇ ಸೂಲಿನ ಗೌರಿ ದಿನಕ್ಕೆ 14 ಲೀಟರ್ ಕೊಡುತ್ತಿದ್ದಳು, ಈಗ 12ಕ್ಕೆ ಇಳಿದಿದ್ದಾಳೆ. ಕೆಚ್ಚಲು ಮೆತ್ತಗಿದೆ, ಬಿಸಿ ಇಲ್ಲ, ಬಾವಿಲ್ಲ. ಕಪ್ಪು ಬಟ್ಟೆ ಮೇಲೆ ಮೊದಲ ಹಾಲು ಹಿಂಡಿ ನೋಡಿದೆ, ಗಡ್ಡೆ ಇಲ್ಲ. ಮೇವು ಚೆನ್ನಾಗಿ ತಿನ್ನುತ್ತಾಳೆ.

ಅವಳ ಹಾಲನ್ನು ಲ್ಯಾಬ್‌ಗೆ ಕೊಟ್ಟೆ. ಸೆಲ್ ಕೌಂಟ್ ಒಂದು ಎಂ.ಎಲ್.ಗೆ 4.3 ಲಕ್ಷ ಅಂತ ಬಂತು. ಕೆಚ್ಚಲು ಬಾವು ಪತ್ತೆ ಮಾಡುವ ನಾಲ್ಕು ಬಟ್ಟಲಿನ ಸಿ.ಎಂ.ಟಿ. ಪ್ಯಾಡಲ್ ಮತ್ತು ಹಾಲಿಗೆ ಬೆರೆಸುವ ದ್ರಾವಣ ತಂದು ನಾನೇ ನೋಡಿದರೆ ಗಟ್ಟಿಯೇ ಆಗಲಿಲ್ಲ. ನೇರಳೆ ಬಣ್ಣದ ನೀರಿನ ಹಾಗೇ ಇತ್ತು. ಲ್ಯಾಬ್ ತಪ್ಪಾ, ಪ್ಯಾಡಲ್ ತಪ್ಪಾ?

ಯಗಚಿ ದಂಡೆ, ಬೇಲೂರು
ಅಣ್ಣ, ದ್ರಾವಣ ಹಳೇದಾಗಿರಬೇಕು. ಬಟ್ಟೆ ಒಗೆಯುವ ಪುಡಿ 15 ಗ್ರಾಂ ಅರ್ಧ ಲೀಟರ್ ನೀರಿಗೆ ಹಾಕಿ ಕಲಸಿ, ಅದೇ ಸಾಕು. ನಾವು ಅದರಲ್ಲೇ ನೋಡ್ತೀವಿ. ಗಟ್ಟಿಯಾದರೆ ಕೆಚ್ಚಲು ಬಾವು, ಆವತ್ತೇ ಮೊಲೆಗೆ ಔಷಧಿ ಟ್ಯೂಬ್ ಏರಿಸಿಬಿಡಿ. ಕಾಯ್ತಾ ಕೂರಬೇಡಿ.

ಪಶುವೈದ್ಯೆ, ಅರಸೀಕೆರೆ
ಸೋಪಿನ ಪುಡಿ ಕೆಲಸ ಮಾಡುತ್ತದೆ, ಆ ಮಾತು ಸರಿ. ದ್ರಾವಣ ಯಾವುದಾದರೂ ಹಾಲಿನಲ್ಲಿರುವ, ಸೋಂಕಿನ ವಿರುದ್ಧ ಹೋರಾಡುವ ಸೆಲ್‌ಗಳನ್ನು ಒಡೆಯುತ್ತದೆ, ಒಳಗಿನ ಡಿ.ಎನ್.ಎ. ಹೊರಬಂದು ಅಂಟಿಕೊಂಡು ಗಟ್ಟಿಯಾಗುತ್ತದೆ. ಟ್ಯೂಬಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಇದು ಹೇಳಿ: ಪ್ಯಾಡಲ್‌ಗೆ ಹಾಲು ಎಲ್ಲಿಂದ ಹಾಕಿದಿರಿ? ಎಷ್ಟು ಹೊತ್ತು ಆಡಿಸಿದಿರಿ?

ಹೊಸಮನೆ ಡೇರಿ
ಮೇಡಂ, ಮಷೀನ್ ಕ್ಯಾನ್‌ನಿಂದ ಲೋಟದಲ್ಲಿ ತೆಗೆದು ನಾಲ್ಕೂ ಬಟ್ಟಲಿಗೆ ಹಾಕಿದೆ. ಚೆನ್ನಾಗಿ ಬೆರೆಯಲಿ ಅಂತ ಒಂದು ನಿಮಿಷ ಆಡಿಸಿದೆ.

ಪಶುವೈದ್ಯೆ, ಅರಸೀಕೆರೆ
ಉತ್ತರ ಅಲ್ಲೇ ಇದೆ. ಲ್ಯಾಬೂ ಸರಿ, ಪ್ಯಾಡಲೂ ಸರಿ. ನಾಲ್ಕು ಬಟ್ಟಲು ಇರುವುದು ನಾಲ್ಕು ಮೊಲೆಗೆ. ಕ್ಯಾನ್‌ನಲ್ಲಿರುವುದು ನಾಲ್ಕೂ ಸೇರಿದ ಹಾಲು.

ಲೆಕ್ಕ ಹಾಕಿ ನೋಡಿ. ಮೂರು ಮೊಲೆ ಆರೋಗ್ಯವಾಗಿದ್ದು ತಲಾ 80 ಸಾವಿರ ಇದೆ ಅಂದುಕೊಳ್ಳಿ. ನಾಲ್ಕನೆಯದರಲ್ಲಿ ಸುಮಾರು 15 ಲಕ್ಷ ಇದ್ದರೆ, ಎಲ್ಲ ಸೇರಿಸಿ ನಾಲ್ಕರಿಂದ ಭಾಗಿಸಿದಾಗ ಹತ್ತಿರ ಹತ್ತಿರ 4.3 ಲಕ್ಷವೇ ಬರುತ್ತದೆ. ಹಸುವಿನ ಒಟ್ಟು ಹಾಲಿಗೆ 2 ಲಕ್ಷ ದಾಟಿದರೆ ಯಾವುದೋ ಒಂದು ಮೊಲೆಯಲ್ಲಾದರೂ ಸೋಂಕಿದೆ ಅಂತ ಅನುಮಾನ ಪಡುತ್ತೇವೆ. ಆದರೆ ಆ ಬೆರೆತ ಹಾಲು ಪ್ಯಾಡಲ್‌ನಲ್ಲಿ ಸ್ವಲ್ಪವೇ ಮಂದವಾಗುತ್ತದೆ. ಹಾಗೆ ಸ್ವಲ್ಪ ಮಂದವಾಗಿದ್ದು ಆಡಿಸುತ್ತಾ ಹೋದರೆ ಮತ್ತೆ ನೀರಾಗುತ್ತದೆ. ನಿಮಗೆ ಬಹುಶಃ ಅದೇ ಆಗಿದೆ.

ಸಂಜೆ ಕರೆಯುವ ಮುಂಚೆ ಹೀಗೆ ಮಾಡಿ. ಮೊಲೆ ತೊಳೆದು ಒಣಗಿಸಿ, ಮೊದಲ ಮೂರು ನಾಲ್ಕು ಸೆಳೆ ಬೇರೆ ಪಾತ್ರೆಗೆ ಹಿಂಡಿ. ಪ್ಯಾಡಲ್ ಹಿಡಿ ಯಾವಾಗಲೂ ಹಸುವಿನ ತಲೆ ಕಡೆಗೇ ಇರಲಿ, ಯಾವ ಬಟ್ಟಲು ಯಾವ ಮೊಲೆಯದು ಅನ್ನೋದು ಗೊಂದಲವಾಗಬಾರದು. ಆಯಾ ಮೊಲೆಯಿಂದ ಆಯಾ ಬಟ್ಟಲಿಗೆ ನೇರವಾಗಿ ಹಿಂಡಿ. ಪ್ಯಾಡಲ್ ಓರೆ ಮಾಡಿ ಜಾಸ್ತಿ ಹಾಲು ಚೆಲ್ಲಿ, ಒಂದೊಂದರಲ್ಲಿ 2 ಎಂ.ಎಲ್. ಅಷ್ಟು ಉಳಿಸಿ. ಅಷ್ಟೇ ದ್ರಾವಣ ಹಾಕಿ. ಹತ್ತು ಸೆಕೆಂಡ್ ಮೆಲ್ಲಗೆ ಸುತ್ತಿಸಿ, ಸುತ್ತಿಸುತ್ತಲೇ ನೋಡಿ, 20 ಸೆಕೆಂಡ್ ಒಳಗೆ ಮುಗಿಸಿ. ಬಣ್ಣ ನೋಡಬೇಡಿ, ಹರಿಯುವ ರೀತಿ ನೋಡಿ.

ಮಲ್ಲಿಗೆ, ಕಡೂರು
ಮೇಡಂ, ನಮ್ಮ ಹಸು ಮೊನ್ನೆ ಕರು ಹಾಕಿತು. ಇದನ್ನು ಓದಿ ನಾವೂ ನೋಡಿದೆವು, ನಾಲ್ಕೂ ಬಟ್ಟಲಲ್ಲಿ ಲೋಳೆ! ನಾಲ್ಕಕ್ಕೂ ಟ್ಯೂಬ್ ಹಾಕಿಸಬೇಕಾ? ತುಂಬಾ ಹೆದರಿಕೆ ಆಗಿದೆ.

ಪಶುವೈದ್ಯೆ, ಅರಸೀಕೆರೆ
ಬೇಡ ಅಕ್ಕ. ನಿಮ್ಮದು ಇನ್ನೂ ಗಿಣ್ಣು ಹಾಲು, ಅದರಲ್ಲಿ ಸೆಲ್ ಸಹಜವಾಗಿಯೇ ಜಾಸ್ತಿ. ನಾಲ್ಕೂ ಒಂದೇ ಥರ ಇದೆ ಅಂದರೆ ಈಗಲೇ ರೋಗ ಅನ್ನೋಕಾಗಲ್ಲ. ಒಂದು ವಾರ ಕಳೆದ ಮೇಲೆ ಮತ್ತೆ ನೋಡಿ. ಆಗ ಒಂದು ಮಾತ್ರ ಬೇರೆಯಾಗಿ ಕಂಡರೆ ಬರೆಯಿರಿ. ಹಾಲು ಬತ್ತಿಸುವ ಹೊತ್ತಿಗೆ ದಿನಕ್ಕೆ ಒಂದೆರಡು ಲೀಟರಿಗೆ ಇಳಿದ ಹಸುವಿನಲ್ಲೂ ಹೀಗೇ ಮೋಸ ಆಗುತ್ತದೆ. ನಡುವೆ ಮೊಲೆ ಬಿಸಿಯಾದರೆ, ಹಾಲು ಕೆಟ್ಟರೆ ಮಾತ್ರ ಕಾಯಬೇಡಿ, ಡಾಕ್ಟರನ್ನು ಕರೆಯಿರಿ.

ಹೊಸಮನೆ ಡೇರಿ
ಮಾಡಿದೆ ಮೇಡಂ. ಮುಂದಿನ ಎರಡು ಮತ್ತು ಹಿಂದಿನ ಬಲ ಮೊಲೆ ನೀರಿನ ಹಾಗೆ ಹರಿದವು. ಹಿಂದಿನ ಎಡ ಮೊಲೆ ತಕ್ಷಣ ದಪ್ಪ ಆಯಿತು. ಸುತ್ತಿಸಿದರೆ ರಾಗಿ ಅಂಬಲಿ ಹಾಗೆ ಬಟ್ಟಲ ನಡುವೆ ಒಟ್ಟಾಗುತ್ತದೆ, ಓರೆ ಮಾಡಿದರೆ ಒಂದೇ ಸಲಕ್ಕೆ ಜಾರುತ್ತದೆ. ಬೆಳಗ್ಗೆ ಮತ್ತೆ ನೋಡಿದೆ, ಹಾಗೇ ಇದೆ. ಆ ಮೊಲೆ ಹಾಲನ್ನು ಕಣ್ಣಿಗೆ ಎಷ್ಟು ನೋಡಿದರೂ ಏನೂ ವ್ಯತ್ಯಾಸ ಇಲ್ಲ!

ಯಗಚಿ ದಂಡೆ, ಬೇಲೂರು
ಸಿಕ್ಕಿತಲ್ವಾ ಅಣ್ಣ. ಈಗ ಅದೊಂದಕ್ಕೆ ಟ್ಯೂಬ್ ಹಾಕಿ, ಮೂರು ದಿನದಲ್ಲಿ ಸರಿಹೋಗುತ್ತದೆ. ನಮ್ಮ ಹಸುಗೆ ಹಾಗೇ ಹೋಯಿತು.

ಪಶುವೈದ್ಯೆ, ಅರಸೀಕೆರೆ
ನಿಮ್ಮ ಹಸುವಿಗೆ ಹೋಗಿರಬಹುದು. ಒಳಗಿರುವ ಬ್ಯಾಕ್ಟೀರಿಯಾ ಯಾವುದು ಅನ್ನುವುದರ ಮೇಲೆ ಅದು ನಿಂತಿದೆ. ಸ್ಟ್ರೆಪ್ಟೋಕಾಕಸ್ ಅಗಲಾಕ್ಟಿಯೇ ಆದರೆ ಔಷಧಿಗೆ ಚೆನ್ನಾಗಿ ಬಗ್ಗುತ್ತದೆ. ಸ್ಟ್ಯಾಫಿಲೋಕಾಕಸ್ ಔರಿಯಸ್ ಆದರೆ ಕೆಚ್ಚಲಿನ ಮಾಂಸದೊಳಗೆ ಬೇರುಬಿಟ್ಟು ಕೂರುತ್ತದೆ. ಮೂರು ದಿನದ ಟ್ಯೂಬಿಗೆ ಅಡಗಿದಂತೆ ಕಂಡು ಮತ್ತೆ ಬರುತ್ತದೆ. ಪ್ಯಾಡಲ್ ಇದನ್ನು ಹೇಳುವುದಿಲ್ಲ, ಯಾವ ಮೊಲೆ ಅಂತ ಮಾತ್ರ ತೋರಿಸುತ್ತದೆ. ಗೌರಿಗೆ ಜ್ವರ ಇಲ್ಲ, ನೋವಿಲ್ಲ. ಹಾಲಿನಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಕಲ್ಚರ್ ಮಾಡಿಸಲು ಸಮಯ ಇದೆ.

ಟ್ಯೂಬಿಗೆ ಮುಂಚೆಯೇ ಸ್ಯಾಂಪಲ್ ತೆಗೆಯಬೇಕು. ಮೊಲೆ ತುದಿಯನ್ನು ಸ್ಪಿರಿಟ್ ಹತ್ತಿಯಿಂದ, ಹತ್ತಿ ಬಿಳಿಯಾಗೇ ಉಳಿಯುವವರೆಗೂ ಒರೆಸಿ. ಮೊದಲ ಸೆಳೆಗಳನ್ನು ಬಿಟ್ಟು, ಸ್ಟೆರೈಲ್ ಬಾಟಲಿಯನ್ನು ಓರೆಯಾಗಿ ಹಿಡಿದು ಕೆಲವು ಎಂ.ಎಲ್. ಹಿಂಡಿ. ನೇರ ಹಿಡಿದರೆ ಕೂದಲು, ಸಗಣಿ ಪುಡಿ ಒಳಗೆ ಬೀಳುತ್ತದೆ. ಐಸ್‌ನಲ್ಲಿಟ್ಟು ಅದೇ ದಿನ ಕಳಿಸಿ. ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಅಲ್ಲಿವರೆಗೆ ಗೌರಿಯನ್ನು ಕೊನೆಗೆ ಕರೆಯಿರಿ. ಅವಳಿಗೆ ಹಾಕಿದ ಮಷೀನ್ ಕಪ್ಪನ್ನೇ ಇನ್ನೊಂದಕ್ಕೆ ಹಾಕಿದರೆ ಸೋಂಕು ಅದಕ್ಕೂ ದಾಟುತ್ತದೆ. ಕರೆದ ತಕ್ಷಣ ಎಲ್ಲ ಹಸುಗಳ ಮೊಲೆಯನ್ನೂ ಅಯೋಡಿನ್ ಡಿಪ್‌ನಲ್ಲಿ ಅದ್ದಿ. ಉಳಿದ ಐದಕ್ಕೂ ಪ್ಯಾಡಲ್ ಹಿಡಿಯಿರಿ.

ಹೊಸಮನೆ ಡೇರಿ
ವರದಿ ಬಂತು ಮೇಡಂ. ಏನೂ ಬೆಳೆದಿಲ್ಲ ಅಂತ ಬರೆದಿದ್ದಾರೆ. ಪ್ಯಾಡಲ್ ಮಾತ್ರ ಇವತ್ತೂ ಗಟ್ಟಿ. ಉಳಿದ ಐದರಲ್ಲಿ ಒಂದಕ್ಕೆ ಮುಂದಿನ ಬಲ ಮೊಲೆಯಲ್ಲಿ ಸ್ವಲ್ಪ ಮಂದ ಕಂಡಿತು, ಆಮೇಲೆ ಕರಗಿತು.

ಯಗಚಿ ದಂಡೆ, ಬೇಲೂರು
ಏನೂ ಬೆಳೆದಿಲ್ಲ ಅಂದ್ರೆ ರೋಗ ಇಲ್ಲ ಅಂತ ಅಲ್ವಾ?

ಪಶುವೈದ್ಯೆ, ಅರಸೀಕೆರೆ
ಹಾಗಲ್ಲ. ಸೆಲ್ ಇಷ್ಟು ಏರಿದೆ ಅಂದರೆ ಕೆಚ್ಚಲು ಯಾವುದರ ವಿರುದ್ಧವೋ ಹೋರಾಡುತ್ತಿದೆ. ಔರಿಯಸ್ ಬ್ಯಾಕ್ಟೀರಿಯಾ ಒಂದು ದಿನ ಹಾಲಿನಲ್ಲಿ ಇಳಿಯುತ್ತದೆ, ಇನ್ನೊಂದು ದಿನ ಇಳಿಯುವುದಿಲ್ಲ. ಸೋಂಕು ತಾನಾಗಿ ಹೋಗಿ ಸೆಲ್ ಮಾತ್ರ ನಿಧಾನವಾಗಿ ಇಳಿಯುತ್ತಿರುವುದೂ ಇರಬಹುದು. ಎರಡರಲ್ಲಿ ಯಾವುದು ಅಂತ ಒಂದು ವರದಿಯಲ್ಲಿ ಗೊತ್ತಾಗುವುದಿಲ್ಲ. ಕೆಲವು ದಿನ ಬಿಟ್ಟು ಅದೇ ಮೊಲೆಯಿಂದ ಇನ್ನೊಂದು ಸ್ಯಾಂಪಲ್ ಕಳಿಸಿ. ಗೌರಿ ಎಷ್ಟು ತಿಂಗಳ ಗಬ್ಬ?

ಹೊಸಮನೆ ಡೇರಿ
ಐದು ತುಂಬಿತು ಮೇಡಂ.

ಪಶುವೈದ್ಯೆ, ಅರಸೀಕೆರೆ
ಹಾಗಾದರೆ ಹಾಲು ಬತ್ತಿಸಲು ಇನ್ನೂ ಎರಡು ತಿಂಗಳು ಇದೆ. ಎರಡನೇ ಸ್ಯಾಂಪಲ್‌ನಲ್ಲಿ ಅಗಲಾಕ್ಟಿಯೇ ಬಂದರೆ ಈಗಲೇ ಚಿಕಿತ್ಸೆ, ಔಷಧಿಯ ಲೇಬಲ್‌ನಲ್ಲಿ ಹೇಳಿದಷ್ಟು ದಿನ ನಾಲ್ಕೂ ಮೊಲೆಯ ಹಾಲು ಡೇರಿಗೆ ಬೇಡ. ಔರಿಯಸ್ ಬಂದರೆ ಬತ್ತಿಸುವಾಗ ಹಾಕುವ ಟ್ಯೂಬಿಗೆ ಕಾಯುವುದು ಮೇಲು ಅಂತ ನನ್ನ ಅಭಿಪ್ರಾಯ. ನಿಮ್ಮ ಊರಿನ ಡಾಕ್ಟರು ಕೆಚ್ಚಲು ಮುಟ್ಟಿ ನೋಡಿ ಬೇರೆ ಹೇಳಿದರೆ ಅವರ ಮಾತು ಕೇಳಿ. ಆ ಇನ್ನೊಂದು ಹಸುವನ್ನು ಗೌರಿಗಿಂತ ಮುಂಚೆ, ಉಳಿದ ನಾಲ್ಕರ ನಂತರ ಕರೆಯಿರಿ. ಎರಡು ವಾರ ಬಿಟ್ಟು ಅದಕ್ಕೂ ಪ್ಯಾಡಲ್ ಹಿಡಿದು ಇಲ್ಲೇ ಬರೆಯಿರಿ.