ಬೆಳಗ್ಗೆ ಗ್ರೇಪ್‌ಫ್ರೂಟ್ ಜ್ಯೂಸ್, ರಾತ್ರಿ ಕೊಲೆಸ್ಟ್ರಾಲ್ ಮಾತ್ರೆ: ಮಧ್ಯೆ ಹನ್ನೆರಡು ಗಂಟೆ ಬಿಟ್ಟರೆ ಸಾಕಾ?

ಸುಮಾ (ಹ್ಯೂಸ್ಟನ್): ನಮ್ಮಮ್ಮ ಶಿವಮೊಗ್ಗದಿಂದ ಬಂದು ಒಂದು ತಿಂಗಳಾಯ್ತು. ವಯಸ್ಸು 68. ಇಲ್ಲಿನ ಕೆಂಪು ಗ್ರೇಪ್‌ಫ್ರೂಟ್ ತುಂಬಾ ಹಿಡಿಸಿಬಿಟ್ಟಿದೆ, ದಿನಾ ಬೆಳಗ್ಗೆ ಒಂದು ದೊಡ್ಡ ಲೋಟ ಜ್ಯೂಸ್ ಬೇಕೇ ಬೇಕು. ಊರಿಂದ ತಂದ ಮಾತ್ರೆಗಳು: ರಾತ್ರಿ ಮಲಗುವಾಗ ಸಿಮ್ವಾಸ್ಟಾಟಿನ್ 40, ಬೆಳಗ್ಗೆ ಆಮ್ಲೋಡಿಪಿನ್ 5 ಮತ್ತು ಮೆಟ್‌ಫಾರ್ಮಿನ್. ಸಿಮ್ವಾಸ್ಟಾಟಿನ್ ಜೊತೆ ಈ ಹಣ್ಣು ಬೇಡ ಅಂತ ಪಕ್ಕದ ಮನೆಯವರು ಹೇಳಿದರು. ಜ್ಯೂಸ್ ಬೆಳಗ್ಗೆ, ಮಾತ್ರೆ ರಾತ್ರಿ, ಹೊಟ್ಟೆಯಲ್ಲಿ ಎರಡೂ ಸೇರೋದೇ ಇಲ್ಲವಲ್ಲ. ಆದರೂ ತೊಂದರೆನಾ?

ಪ್ರಕಾಶ್: ಇದು ಲಿವರ್ ವಿಷಯ ಮೇಡಂ. ಹುಳಿ ಹಣ್ಣುಗಳೆಲ್ಲ ಲಿವರ್ ಎನ್‌ಜೈಮ್ ತಡೆಯುತ್ತವೆ. ಆರು ಗಂಟೆಯಲ್ಲಿ ಜ್ಯೂಸ್ ದೇಹದಿಂದ ಹೋಗಿರುತ್ತೆ, ಆಮೇಲೆ ಏನೂ ಆಗಲ್ಲ. ನಿಂಬೆಹಣ್ಣು, ಕಿತ್ತಳೆ ಮಾತ್ರ ಬಿಡಿಸಿಬಿಡಿ.

ರಘುನಂದನ್ (ಕ್ಲಿನಿಕಲ್ ಫಾರ್ಮಸಿಸ್ಟ್, ಮೈಸೂರು): ತೊಂದರೆ ಇದೆ ಸುಮಾ ಅವರೇ, ಹನ್ನೆರಡು ಗಂಟೆ ಸಾಲದು. ಇವತ್ತಿಂದಲೇ ಜ್ಯೂಸ್ ನಿಲ್ಲಿಸಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪ್ರಕಾಶ್ ಅವರು ಹೇಳಿದ ಹಾಗೆ "ಜ್ಯೂಸ್ ಹೋದ ಮೇಲೆ ಸರಿಹೋಗುತ್ತೆ" ಅನ್ನುವುದನ್ನು ನಮ್ಮ ಕೌಂಟರಿನಲ್ಲೂ ದಿನಾ ಕೇಳುತ್ತೇನೆ.

ಎನ್‌ಜೈಮ್ ಅಂದಿದ್ದು ಸರಿ, ಜಾಗ ತಪ್ಪು. ಸಣ್ಣ ಕರುಳಿನ ಒಳಗೋಡೆಯ ಜೀವಕೋಶಗಳಲ್ಲಿ ಸಿವೈಪಿ3ಎ4 ಅನ್ನುವ ಎನ್‌ಜೈಮ್ ಇರುತ್ತದೆ. ನುಂಗಿದ ಔಷಧ ರಕ್ತ ಸೇರುವ ಮೊದಲೇ ಇದು ಅದರಲ್ಲಿ ಒಂದು ಪಾಲನ್ನು ಒಡೆದು ಹಾಕುತ್ತದೆ. ದಾಟಿ ಹೋಗಿದ್ದರಲ್ಲಿ ಲಿವರ್ ಇನ್ನೊಂದಷ್ಟನ್ನು ಒಡೆಯುತ್ತದೆ. ಸಿಮ್ವಾಸ್ಟಾಟಿನ್ ವಿಷಯದಲ್ಲಂತೂ ನುಂಗಿದ್ದರಲ್ಲಿ ನೂರಕ್ಕೆ ಐದು ಪಾಲು ಕೂಡ ರಕ್ತಕ್ಕೆ ತಲುಪುವುದಿಲ್ಲ. 40 ಮಿ.ಗ್ರಾಂ ಅಂತ ಬರೆಯುವಾಗಲೇ ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ.

ಗ್ರೇಪ್‌ಫ್ರೂಟಿನಲ್ಲಿ ಫ್ಯುರಾನೋಕುಮರಿನ್ ಅನ್ನುವ ಗುಂಪಿನ ವಸ್ತುಗಳಿವೆ. ಬರ್ಗಮಾಟಿನ್, ಡೈಹೈಡ್ರಾಕ್ಸಿಬರ್ಗಮಾಟಿನ್ ಅಂತ ಎರಡು ಮುಖ್ಯ. ಎನ್‌ಜೈಮ್ ಇವನ್ನೂ ಔಷಧ ಅಂದುಕೊಂಡು ಒಡೆಯಲು ಹೋಗುತ್ತದೆ. ಒಡೆಯುವಾಗ ಹುಟ್ಟುವ ಚೂರು ತುಂಬಾ ಚುರುಕು, ಹುಟ್ಟಿದ ಜಾಗದಲ್ಲೇ ಎನ್‌ಜೈಮಿಗೆ ಕಚ್ಚಿಕೊಂಡುಬಿಡುತ್ತದೆ, ಬೀಗದೊಳಗೆ ಕೀ ಮುರಿದು ಸಿಕ್ಕಿಕೊಂಡ ಹಾಗೆ. ಆ ಎನ್‌ಜೈಮ್ ಇನ್ನು ಕೆಲಸಕ್ಕೆ ಬಾರದು. ಜೀವಕೋಶ ಅದನ್ನು ಎಸೆದು ಹೊಸದನ್ನು ತಯಾರಿಸಬೇಕು. ಜ್ಯೂಸ್ ಯಾವಾಗ ಹೊರಗೆ ಹೋಯಿತು ಅನ್ನುವುದು ಇಲ್ಲಿ ಮುಖ್ಯವೇ ಅಲ್ಲ. ಹೊಸ ಎನ್‌ಜೈಮ್ ಅರ್ಧದಷ್ಟು ತುಂಬಿಕೊಳ್ಳಲು ಸುಮಾರು ಒಂದು ದಿನ ಬೇಕು, ಬಹುಪಾಲು ಮೊದಲಿನಂತಾಗಲು ಮೂರು ದಿನ. ಅಮ್ಮ ದಿನಾ ಕುಡಿಯುತ್ತಿದ್ದಾರೆ, ಹಾಗಾಗಿ ತುಂಬಿಕೊಳ್ಳಲು ಪುರುಸೊತ್ತೇ ಸಿಗುತ್ತಿಲ್ಲ.

ಪ್ರಕಾಶ್: ಲಿವರ್ ಅಲ್ಲ, ಕರುಳು ಅಂತ ಹೇಗೆ ಹೇಳ್ತೀರಿ ಸರ್? ಎರಡರಲ್ಲೂ ಅದೇ ಎನ್‌ಜೈಮ್ ಇದೆಯಲ್ಲ.

ರಘುನಂದನ್: ಒಳ್ಳೆ ಪ್ರಶ್ನೆ. 1997ರಲ್ಲಿ ಅಮೆರಿಕದಲ್ಲಿ ಹತ್ತು ಮಂದಿ ಆರೋಗ್ಯವಂತ ಗಂಡಸರಿಗೆ ದಿನಕ್ಕೆ ಮೂರು ಲೋಟದಂತೆ ಆರು ದಿನ ಈ ಜ್ಯೂಸ್ ಕುಡಿಸಿದರು. ಮೊದಲೂ ಆಮೇಲೂ ಕರುಳಿನ ಗೋಡೆಯಿಂದ ಸಣ್ಣ ತುಣುಕು ತೆಗೆದು ಅಳೆದರು. ಎನ್‌ಜೈಮ್ ನೂರಕ್ಕೆ 62ರಷ್ಟು ಇಳಿದಿತ್ತು. ಲಿವರಿನ ಕೆಲಸವನ್ನು ಉಸಿರಿನ ಪರೀಕ್ಷೆಯಲ್ಲಿ ನೋಡಿದರೆ ಏನೂ ಬದಲಾಗಿರಲಿಲ್ಲ. ಇನ್ನೊಂದು ಸೊಗಸಾದ ಸಂಗತಿ: ಎನ್‌ಜೈಮ್ ತಯಾರಿಸುವ ಆರ್‌ಎನ್‌ಎ ಕೂಡ ಕಡಿಮೆಯಾಗಿರಲಿಲ್ಲ. ಅಂದರೆ ತಯಾರಿ ನಿಂತಿಲ್ಲ, ತಯಾರಾಗಿದ್ದು ಹಾಳಾಗುತ್ತಿದೆ. ಫೆಲೋಡಿಪಿನ್ ಅನ್ನುವ ಬಿಪಿ ಔಷಧವನ್ನು ನರಕ್ಕೆ ಕೊಟ್ಟಾಗ ಜ್ಯೂಸಿನಿಂದ ಹೆಚ್ಚುಕಮ್ಮಿ ಆಗಲಿಲ್ಲ, ಬಾಯಿಂದ ಕೊಟ್ಟಾಗ ಮಾತ್ರ ಏರಿತು. ತೀರಾ ಜಾಸ್ತಿ ಕುಡಿದರೆ ಲಿವರಿಗೂ ತಟ್ಟಬಹುದು, ಆದರೆ ಮನೆಯಲ್ಲಿ ಕುಡಿಯುವ ಲೋಟದ ಲೆಕ್ಕದಲ್ಲಿ ಇದು ಕರುಳಿನ ಕಥೆಯೇ.

ಇನ್ನು ಹುಳಿಗೂ ಇದಕ್ಕೂ ಸಂಬಂಧ ಇಲ್ಲ. ನಾವು ದಿನಾ ತಿನ್ನುವ ಸಿಹಿ ಕಿತ್ತಳೆಯಲ್ಲಿ ಈ ವಸ್ತುಗಳಿಲ್ಲ, ಅಮ್ಮನಿಗೆ ಅದನ್ನು ಬಿಡಿಸಬೇಡಿ. ಮಾರ್ಮಲೇಡ್ ಮಾಡುವ ಕಹಿ ಕಿತ್ತಳೆಯಲ್ಲಿ ಇವೆ.

ಸುಮಾ: ಅಯ್ಯೋ, ಒಂದು ತಿಂಗಳಿಂದ ಕುಡೀತಿದ್ದಾರೆ! ಎಷ್ಟು ಜಾಸ್ತಿ ಆಗಿರಬಹುದು ಸರ್? ಏನು ನೋಡಿಕೊಳ್ಳಬೇಕು?

ರಘುನಂದನ್: ಅವರೊಬ್ಬರ ರಕ್ತದಲ್ಲಿ ಎಷ್ಟು ಅಂತ ಇಲ್ಲಿಂದ ಹೇಳಲಾಗದು. ಫಿನ್ಲೆಂಡಿನಲ್ಲಿ ಅಳೆದ ಲೆಕ್ಕ ಹೇಳುತ್ತೇನೆ. ದಿನಕ್ಕೆ 200 ಮಿ.ಲೀ. ಸಾಮಾನ್ಯ ಜ್ಯೂಸ್, ಮೂರು ದಿನ. ಅಷ್ಟಕ್ಕೇ ರಕ್ತಕ್ಕೆ ಸೇರಿದ ಸಿಮ್ವಾಸ್ಟಾಟಿನ್ ಒಟ್ಟು ಸರಾಸರಿ 3.6 ಪಟ್ಟಾಯಿತು. ಅಲ್ಲಿಯೇ ಮುಂಚೆ ಮಾಡಿದ ಇನ್ನೊಂದು ಪ್ರಯೋಗದಲ್ಲಿ ದುಪ್ಪಟ್ಟು ಗಟ್ಟಿ ಜ್ಯೂಸನ್ನು ದಿನಕ್ಕೆ ಮೂರು ಸಲ ಕುಡಿಸಿದ್ದರು, ಆಗ 13 ಪಟ್ಟು ದಾಟಿತ್ತು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಅದೇ ಪ್ರಯೋಗದಲ್ಲಿದೆ: ಜ್ಯೂಸ್ ನಿಲ್ಲಿಸಿ 24 ಗಂಟೆ ಆದ ಮೇಲೆ ಮಾತ್ರೆ ಕೊಟ್ಟರೂ ಇನ್ನೂ ಎರಡು ಪಟ್ಟಿತ್ತು. ಮೂರು ದಿನಕ್ಕೆ ಒಂದೂವರೆ ಪಟ್ಟಿನ ಹತ್ತಿರ, ಏಳು ದಿನಕ್ಕೆ ವ್ಯತ್ಯಾಸವೇ ಇಲ್ಲ.

ಸಿಮ್ವಾಸ್ಟಾಟಿನ್ ರಕ್ತದಲ್ಲಿ ಹೆಚ್ಚಾದರೆ ಹೊಡೆತ ಬೀಳುವುದು ಸ್ನಾಯುವಿಗೆ. ತೊಡೆ, ಭುಜ ಎರಡೂ ಕಡೆ ನೋಯುವುದು, ಒತ್ತಿದರೆ ನೋವು, ನೆಲದಿಂದ ಏಳುವಾಗ ಅಥವಾ ಮೆಟ್ಟಿಲು ಹತ್ತುವಾಗ ಬಲ ಸಾಲದಿರುವುದು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಕಿಡ್ನಿಗೆ ಹೋಗುತ್ತಿದೆ ಅಂತ ಅರ್ಥ, ಆಗ ಕಾಯದೆ ಎಮರ್ಜೆನ್ಸಿಗೆ ಹೋಗಿ. ಬರೀ ನೋವಿದ್ದರೂ ಡಾಕ್ಟರಿಗೆ ಫೋನ್ ಮಾಡಿ. ಸಿಕೆ ಅನ್ನುವ ರಕ್ತಪರೀಕ್ಷೆ ಬರೆಯುತ್ತಾರೆ, ರಾತ್ರಿ ಮಾತ್ರೆ ಕೊಡಬೇಕೋ ಬೇಡವೋ ಅಂತಲೂ ಅವರೇ ಹೇಳುತ್ತಾರೆ. ಏನೂ ಇಲ್ಲ ಅಂದರೆ ಜ್ಯೂಸ್ ಬಿಟ್ಟರೆ ಸಾಕು. ಹೆಚ್ಚಿನವರಿಗೆ ಏನೂ ಆಗದೆ ದಾಟಿ ಹೋಗುತ್ತದೆ, ಗಾಬರಿ ಬೇಡ.

ಆಮ್ಲೋಡಿಪಿನ್ ಚಿಂತೆ ಅಷ್ಟಿಲ್ಲ. ಅದು ಮೊದಲೇ ಹೆಚ್ಚು ಪಾಲು ರಕ್ತ ಸೇರುವ ಔಷಧ. ಕರುಳಲ್ಲಿ ಕಳೆದುಹೋಗುವುದೇ ಕಡಿಮೆ ಇದ್ದಾಗ ಉಳಿಸಿ ಕೊಡಲು ಜ್ಯೂಸಿಗೆ ಏನಿದೆ? ಮೆಟ್‌ಫಾರ್ಮಿನ್ ಈ ದಾರಿಯಲ್ಲಿ ಒಡೆಯುವುದೇ ಇಲ್ಲ.

ಮಂಜುನಾಥ್: ಹಾಗಾದ್ರೆ ಸರ್, 10 ಮಿ.ಗ್ರಾಂ ಮಾತ್ರೆ ತಗೊಂಡು ಮೇಲೆ ಒಂದು ಲೋಟ ಜ್ಯೂಸ್ ಕುಡಿದರೆ 40ರ ಕೆಲಸ ಆಯ್ತಲ್ಲ! ದುಡ್ಡೂ ಉಳೀತು 😄

ರಘುನಂದನ್: ಮಂಜಣ್ಣ, ನಗಾಡುತ್ತಾ ಕೇಳಿದ್ದೀರಿ, ಆದರೆ ದುಬಾರಿ ಔಷಧಗಳ ವಿಷಯದಲ್ಲಿ ಇದನ್ನು ಗಂಭೀರವಾಗಿಯೇ ಯೋಚಿಸಿದವರಿದ್ದಾರೆ. ಎಡವುವುದು ಅಳತೆಯಲ್ಲಿ. ಒಂದು ಹಣ್ಣಿನಲ್ಲಿದ್ದಷ್ಟು ಫ್ಯುರಾನೋಕುಮರಿನ್ ಇನ್ನೊಂದರಲ್ಲಿ ಇರುವುದಿಲ್ಲ. ತಳಿ, ಕೊಯ್ಲು, ಹಿಂಡಿದ ರೀತಿ ಎಲ್ಲದರ ಮೇಲೂ ಹೋಗುತ್ತದೆ. ಅದಕ್ಕಿಂತ ದೊಡ್ಡದು ಕರುಳು: ಒಬ್ಬರಿಗೆ ಅಲ್ಲಿ ಎನ್‌ಜೈಮ್ ಹೇರಳ, ಇನ್ನೊಬ್ಬರಿಗೆ ಅತ್ಯಲ್ಪ. ಹೇರಳ ಇದ್ದವರಿಗೇ ಏರಿಕೆ ಜಾಸ್ತಿ. ನಿಮಗೆ ಎಷ್ಟಿದೆ ಅಂತ ನೋಡಿ ಹೇಳುವ ಪರೀಕ್ಷೆ ಯಾವ ಲ್ಯಾಬ್ ಬೋರ್ಡಿನಲ್ಲೂ ಇಲ್ಲ. ಸಿಮ್ವಾಸ್ಟಾಟಿನ್ ಉಳಿಸಿದ ದುಡ್ಡಿಗಿಂತ ಗ್ರೇಪ್‌ಫ್ರೂಟೇ ದುಬಾರಿ, ಅದು ಬೇರೆ ಮಾತು.

ಕಾವ್ಯ: ನನ್ನ ಮಗಳಿಗೆ ಅಲರ್ಜಿಗೆ ಫೆಕ್ಸೋಫೆನಡಿನ್ ಕೊಟ್ಟಿದ್ದಾರೆ. ಆರೆಂಜ್ ಜ್ಯೂಸ್ ಜೊತೆ ನುಂಗಿಸ್ತೀನಿ. ಅದೂ ಜಾಸ್ತಿ ಆಗಿಬಿಡುತ್ತಾ? ಡೋಸ್ ಕಡಿಮೆ ಮಾಡಬೇಕಾ?

ರಘುನಂದನ್: ಇಲ್ಲ ಕಾವ್ಯ, ನಿಮ್ಮದು ಬೇರೆ ಕಥೆ, ಅಲ್ಲಿ ಆಗುವುದು ಉಲ್ಟಾ. ಫೆಕ್ಸೋಫೆನಡಿನ್ ಕರುಳಿನ ಗೋಡೆ ದಾಟಲು ಒಂದು ಸಾಗಣೆ ಪ್ರೊಟೀನ್ ಬೇಕು. ಗ್ರೇಪ್‌ಫ್ರೂಟ್, ಆರೆಂಜ್, ಸೇಬು ಮೂರರ ಜ್ಯೂಸೂ ಅದನ್ನು ತಡೆಯುತ್ತವೆ, ಔಷಧ ಕಡಿಮೆ ಸೇರುತ್ತದೆ. ಇದು ಫ್ಯುರಾನೋಕುಮರಿನ್ ಕೆಲಸ ಅಲ್ಲ, ಹೆಚ್ಚು ಹೊತ್ತು ಇರುವುದೂ ಇಲ್ಲ. ಡೋಸ್ ಮುಟ್ಟಬೇಡಿ, ನೀರಲ್ಲಿ ಕೊಡಿ.

ಶೈಲಜಾ: ಚಕ್ಕೋತಕ್ಕೂ ಇದು ಅನ್ವಯಿಸುತ್ತಾ ಸರ್? ನನ್ನ ತಮ್ಮನಿಗೆ ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗಿದೆ, ಟ್ಯಾಕ್ರೋಲಿಮಸ್ ತಗೋತಾನೆ. ದೇವನಹಳ್ಳಿಯ ನೆಂಟರು ಮನೆಯಲ್ಲಿ ಬೆಳೆದ ಚಕ್ಕೋತ ಕೊಟ್ಟಿದ್ದರು, ವಾರವೆಲ್ಲ ತಿಂದ. ಮುಂದಿನ ಟೆಸ್ಟಿನಲ್ಲಿ ಲೆವೆಲ್ ಎಂದಿಗಿಂತ ಎರಡು ಪಟ್ಟು ಬಂತು, ಕೈ ನಡುಗುತ್ತಿತ್ತು. ಆಸ್ಪತ್ರೆಯಲ್ಲಿ ಗ್ರೇಪ್‌ಫ್ರೂಟ್ ಬೇಡ ಅಂತ ಹೇಳಿದ್ದರು, ಚಕ್ಕೋತದ ಮಾತೇ ಎತ್ತಿರಲಿಲ್ಲ.

ರಘುನಂದನ್: ಖಂಡಿತ ಅನ್ವಯಿಸುತ್ತದೆ ಶೈಲಜಾ ಮೇಡಂ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತಕ್ಕೂ ಸಿಹಿ ಕಿತ್ತಳೆಗೂ ಬೆರಕೆಯಾಗಿ, ಕೆರಿಬಿಯನ್ ದ್ವೀಪಗಳಲ್ಲಿ. ಫ್ಯುರಾನೋಕುಮರಿನ್ ಬಂದಿರುವುದು ಚಕ್ಕೋತದ ಕಡೆಯಿಂದ. ಚಕ್ಕೋತ ತಿಂದು ಟ್ಯಾಕ್ರೋಲಿಮಸ್ ಏರಿದ ರೋಗಿಯ ವರದಿ ಜಪಾನಿನಿಂದ ಬಂದಿದೆ. ನಮ್ಮ ಕಡೆ ಗ್ರೇಪ್‌ಫ್ರೂಟ್ ತಿನ್ನುವವರೇ ಅಪರೂಪ, ಚಕ್ಕೋತ ಊರೂರಲ್ಲಿದೆ. ಹಾಗಿದ್ದೂ ಡಿಸ್ಚಾರ್ಜ್ ಚೀಟಿಯಲ್ಲಿ ಹೊರದೇಶದ ಹಣ್ಣಿನ ಹೆಸರನ್ನು ಮಾತ್ರ ಅಚ್ಚು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಒಂದು ಕೇಳಬೇಕು: ಆ ವಾರ ತಮ್ಮನಿಗೆ ಭೇದಿ ಏನಾದರೂ ಆಗಿತ್ತಾ? ಹೊಸ ಔಷಧ ಶುರು ಮಾಡಿದ್ದರಾ?

ಶೈಲಜಾ: ಹೌದು ಸರ್, ಎರಡು ದಿನ ಭೇದಿ ಇತ್ತು. ಔಷಧ ಬೇರೆ ಏನಿಲ್ಲ.

ರಘುನಂದನ್: ಹಾಗಾದರೆ ಚಕ್ಕೋತವೊಂದೇ ಕಾರಣ ಅಂತ ಹೇಳುವ ಧೈರ್ಯ ನನಗಿಲ್ಲ. ಭೇದಿಯಾದಾಗಲೂ ಟ್ಯಾಕ್ರೋಲಿಮಸ್ ಲೆವೆಲ್ ಏರುತ್ತದೆ, ಕರುಳಿನ ಅದೇ ಎನ್‌ಜೈಮ್ ಪೆಟ್ಟು ತಿನ್ನುವುದರಿಂದ. ಎರಡೂ ಸೇರಿರಬಹುದು. ಯಾವುದು ಎಷ್ಟು ಅಂತ ಈಗ ಬೇರ್ಪಡಿಸಲಾಗದು. ಚಕ್ಕೋತ ಮಾತ್ರ ಪೂರ್ತಿ ಬಿಡಿಸಿ, ಒಂದು ತೊಳೆಯೂ ಬೇಡ. ಟ್ಯಾಕ್ರೋಲಿಮಸಿನಲ್ಲಿ ಬೇಕಾದಷ್ಟಕ್ಕೂ ಜಾಸ್ತಿಗೂ ಅಂತರ ತೀರಾ ಕಡಿಮೆ. ಆ ವಾರದ ಚಕ್ಕೋತ, ಭೇದಿ ಎರಡರ ಮಾತನ್ನೂ ನಿಮ್ಮ ನೆಫ್ರಾಲಜಿಸ್ಟಿಗೆ ಹೇಳಿ, ಇಲ್ಲದಿದ್ದರೆ ಆ ಎರಡು ಪಟ್ಟಿನ ಲೆಕ್ಕದಲ್ಲೇ ಅವರು ಡೋಸ್ ಇಳಿಸಿಬಿಟ್ಟರೆ, ಹಣ್ಣು ನಿಂತ ಮೇಲೆ ಲೆವೆಲ್ ಬಿದ್ದುಹೋದೀತು.

ಮಂಜುನಾಥ್: ಇಷ್ಟೆಲ್ಲ ಕಂಡುಹಿಡಿದದ್ದು ಹೇಗೆ ಸರ್? ಯಾರು ಹಣ್ಣಿನ ಮೇಲೆ ಅನುಮಾನ ಪಡ್ತಾರೆ?

ರಘುನಂದನ್: ಯಾರೂ ಪಟ್ಟಿರಲಿಲ್ಲ. ಕೆನಡಾದ ಲಂಡನ್ ಅನ್ನುವ ಊರಿನಲ್ಲಿ ಡೇವಿಡ್ ಬೈಲಿ ತಂಡದವರು ಫೆಲೋಡಿಪಿನ್ ಜೊತೆ ಮದ್ಯ ಸೇರಿದರೆ ಏನಾಗುತ್ತದೆ ಅಂತ ನೋಡುತ್ತಿದ್ದರು. ಯಾರಿಗೆ ಮದ್ಯ ಕೊಟ್ಟಿದೆ ಅಂತ ಗೊತ್ತಾಗಬಾರದಲ್ಲ, ಅದರ ರುಚಿ ಮುಚ್ಚಲು ಗ್ರೇಪ್‌ಫ್ರೂಟ್ ಜ್ಯೂಸಿನಲ್ಲಿ ಬೆರೆಸಿದರು. ಮದ್ಯ ಇಲ್ಲದವರ ರಕ್ತದಲ್ಲೂ ಔಷಧ ನಿರೀಕ್ಷೆಗಿಂತ ಎಷ್ಟೋ ಪಟ್ಟು ಬಂತು. ಆಮೇಲೆ ಬೈಲಿ ತಾವೇ ನೀರಲ್ಲಿ ಒಮ್ಮೆ, ಜ್ಯೂಸಲ್ಲಿ ಒಮ್ಮೆ ಮಾತ್ರೆ ನುಂಗಿ ಖಚಿತ ಮಾಡಿಕೊಂಡರು. 1991ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ವಿವರವಾಗಿ ಬಂತು. ಹಣ್ಣಿನ ಯಾವ ಅಂಶ ಅನ್ನುವ ಜಗಳ ಮಾತ್ರ ಇನ್ನೂ ಹದಿನೈದು ವರ್ಷ ನಡೆಯಿತು. 2006ರಲ್ಲಿ ಜ್ಯೂಸಿನಿಂದ ಫ್ಯುರಾನೋಕುಮರಿನ್ ಮಾತ್ರ ತೆಗೆದು ಉಳಿದದ್ದನ್ನು ಕುಡಿಸಿ ನೋಡಿದರು, ಫೆಲೋಡಿಪಿನ್ ಏರಲಿಲ್ಲ.

ಸುಮಾ: ಅಮ್ಮನ ಕೇಳಿದೆ ಸರ್. ತೊಡೆ ನೋವು ಎರಡು ವಾರದಿಂದ ಇದೆಯಂತೆ, ವಿಮಾನದಲ್ಲಿ ಕೂತಿದ್ದಕ್ಕೆ ಅಂತ ಸುಮ್ಮನಿದ್ದರಂತೆ! ಮೂತ್ರದ ಬಣ್ಣ ಮಾಮೂಲಿ. ಊರಿನ ಡಾಕ್ಟರಿಗೆ ಫೋನ್ ಮಾಡಿದೆ. ಸಿಕೆ ಟೆಸ್ಟ್ ಆಗೋವರೆಗೂ ರಾತ್ರಿ ಮಾತ್ರೆ ಬೇಡ ಅಂದರು, ಆಮೇಲೆ ರೋಸುವಾಸ್ಟಾಟಿನ್‌ಗೆ ಬದಲಾಯಿಸೋಣ ಅಂದರು. ಅದಕ್ಕೆ ಜ್ಯೂಸ್ ಓಕೆನಾ ಅಂತ ಅಮ್ಮ ಈಗಲೇ ಕೇಳ್ತಿದ್ದಾರೆ.

ರಘುನಂದನ್: ಡಾಕ್ಟರ್ ಹೇಳಿದ್ದು ಸರಿ, ಟೆಸ್ಟನ್ನು ನಾಳೆಯೇ ಮಾಡಿಸಿ. ವಿಮಾನದ ನೋವು ಎರಡು ವಾರ ಇರುವುದಿಲ್ಲ. ರೋಸುವಾಸ್ಟಾಟಿನ್ ಒಡೆಯುವುದು ಈ ಎನ್‌ಜೈಮಿನಿಂದ ಅಲ್ಲ, ಆದ್ದರಿಂದ ಬದಲಾಯಿಸಿದ ಮೇಲೆ ಅಮ್ಮ ಜ್ಯೂಸ್ ಕುಡಿಯಬಹುದು. ಅಲ್ಲಿವರೆಗೆ ಹಣ್ಣನ್ನೂ ಕೊಡಬೇಡಿ, ಬಿಡಿಸಿ ತಿಂದರೂ ಜ್ಯೂಸಿನಷ್ಟೇ. ಮನೆಯಲ್ಲಿ ಮಿಕ್ಸೆಡ್ ಸಿಟ್ರಸ್ ಜ್ಯೂಸಿನ ಡಬ್ಬ ಇದ್ದರೆ ಹಿಂದಿನ ಚೀಟಿ ಓದಿ, ಎಷ್ಟೋ ಸಲ ಅದರಲ್ಲೂ ಗ್ರೇಪ್‌ಫ್ರೂಟ್ ಇರುತ್ತದೆ. ಕಾಯಿಸಿ ಪ್ಯಾಕ್ ಮಾಡಿದ್ದರೂ ಫ್ಯುರಾನೋಕುಮರಿನ್ ಹೋಗುವುದಿಲ್ಲ.